ಜೀತ ಹೋಯಿತು, ಸಾಲ ಉಳಿಯಿತು

ಹೈದರಾಬಾದಿಗೆ ಬಂದು ನೆಲೆಸಿದ ಕನ್ನಡಿಗರನ್ನು ಮೊದಮೊದಲು ಬೆಚ್ಚಿಬೀಳಿಸುವ ತೆಲುಗು ಪದವೊಂದಿದೆ: ‘ಜೀತಂ’. ಇಲ್ಲಿ ಅದರ ಅರ್ಥ ಸಂಬಳ. ನಮ್ಮಲ್ಲಿ ಜೀತವೆಂದರೆ ಸಾಲಕ್ಕೆ ಒತ್ತೆಯಾಗಿ ಒಡೆಯನ ಮನೆಯಲ್ಲಿ ದುಡಿಯುವುದು. ಎರಡೂ ‘ಜೀವಿತ’ದಿಂದ ಬಂದ ಮಾತುಗಳು, ಜೀವನೋಪಾಯಕ್ಕೆಂದು ಕೊಡುವುದೇ ಜೀವಿತ. ಒಂದೇ ಪದ ಒಂದು ಭಾಷೆಯಲ್ಲಿ ಕೂಲಿಯಾಗಿಯೂ ಇನ್ನೊಂದರಲ್ಲಿ ಬಂಧನವಾಗಿಯೂ ಉಳಿಯಿತು. ಗುಲಾಮಗಿರಿಯನ್ನು ರದ್ದುಪಡಿಸಲು ನಮ್ಮಲ್ಲಿ ಏಕೆ ಅಷ್ಟು ಕಾಲ ಹಿಡಿಯಿತು ಎಂಬುದಕ್ಕೆ ಈ ಪದವೇ ಸುಳಿವು ಕೊಡುತ್ತದೆ. ಇಲ್ಲಿನ ದಾಸ್ಯ ಸರಪಳಿ ತೊಟ್ಟು ಬರಲಿಲ್ಲ. ಸಾಲ ಮತ್ತು ಕೂಲಿಯ ವೇಷದಲ್ಲಿ ಬಂದಿತು.

ನಿಜಾಮರ ರಾಜ್ಯದಲ್ಲಿ ಇದಕ್ಕೆ ‘ಭಾಗೇಲಾ’ ಎಂಬ ಹೆಸರಿತ್ತು. ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು 1956ರವರೆಗೆ ಆ ರಾಜ್ಯಕ್ಕೇ ಸೇರಿದ್ದವು. ಅದರ ಲೆಕ್ಕವನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಒಬ್ಬ ರೈತಾಳು ಮಗಳ ಮದುವೆಗೆಂದು ಅರವತ್ತು ರೂಪಾಯಿ ಸಾಲ ಪಡೆಯುತ್ತಾನೆ. ತೀರಿಸುವವರೆಗೆ ಒಡೆಯನ ಹೊಲದಲ್ಲಿ ದುಡಿಯಬೇಕು. ಅವನ ದುಡಿಮೆ ಬಡ್ಡಿಗೆ ಜಮೆಯಾಗುತ್ತದೆ, ಅಸಲು ಹಾಗೆಯೇ ನಿಲ್ಲುತ್ತದೆ. ಹೊಟ್ಟೆಗೆ ಸಿಗುವ ಜೋಳ ಮನೆಮಂದಿಗೆ ಸಾಲದು, ಆದ್ದರಿಂದ ಮಳೆಗಾಲದಲ್ಲಿ ಮತ್ತೆ ಕಡ ಕೇಳಬೇಕು. ಜ್ವರ ಬಂದು ಮಲಗಿದ ದಿನಗಳೂ ಲೆಕ್ಕಕ್ಕೆ ಸೇರುತ್ತವೆ. ಐದು ವರ್ಷದ ಕೊನೆಗೆ ಅರವತ್ತು ಎಂಬತ್ತಾಗಿರುತ್ತದೆ. ಅವನ ಮಗ ದನ ಕಾಯಲು ಅದೇ ಮನೆಗೆ ಬರುತ್ತಾನೆ. ಇಲ್ಲಿ ಯಾರೂ ಯಾರನ್ನೂ ಕೊಂಡಿಲ್ಲ. ಲೆಕ್ಕದ ಪುಸ್ತಕವೊಂದೇ ಇದೆ, ಅದು ಒಡೆಯನ ಕೈಯಲ್ಲಿದೆ.

ಕಾನೂನಿನ ಚರಿತ್ರೆಯನ್ನು ಈ ಪುಸ್ತಕದ ಪಕ್ಕದಲ್ಲಿಟ್ಟು ಓದಬೇಕು. ಬ್ರಿಟಿಷ್ ಸಂಸತ್ತು 1833ರಲ್ಲಿ ಗುಲಾಮಗಿರಿಯನ್ನು ರದ್ದುಪಡಿಸಿದಾಗ ಈಸ್ಟ್ ಇಂಡಿಯಾ ಕಂಪನಿಯ ಸೀಮೆಗಳನ್ನು ಹೊರಗಿಟ್ಟಿತು. ಹತ್ತು ವರ್ಷಗಳ ಬಳಿಕ ಇಲ್ಲಿಗೆ ಬಂದ 1843ರ ಐದನೆಯ ಕಾಯಿದೆ ದಾಸರನ್ನು ಇಟ್ಟುಕೊಳ್ಳುವುದನ್ನು ಅಪರಾಧವೆನ್ನಲಿಲ್ಲ. ಒಡೆಯನ ಹಕ್ಕನ್ನು ನ್ಯಾಯಾಲಯಗಳು ಎತ್ತಿಹಿಡಿಯುವುದಿಲ್ಲ ಎಂದಷ್ಟೇ ಹೇಳಿತು. ನ್ಯಾಯಾಲಯಕ್ಕೆ ಎಂದೂ ಹೋಗದ ಊರಿನಲ್ಲಿ ಇದರಿಂದ ಏನೂ ಕದಲಲಿಲ್ಲ. ಮನುಷ್ಯರ ಕ್ರಯವಿಕ್ರಯ ಶಿಕ್ಷಾರ್ಹವಾದದ್ದು 1860ರ ದಂಡಸಂಹಿತೆಯಿಂದ. ಆದರೆ ಭಾಗೇಲಾ ಆಳು ಮಾರಾಟವಾದವನಲ್ಲ, ಸಾಲಗಾರ. ಮೇಲಾಗಿ ನಿಜಾಮರ ರಾಜ್ಯಕ್ಕೆ ತನ್ನದೇ ಕಾನೂನಿತ್ತು.

ಆ ರಾಜ್ಯ 1936ರಲ್ಲಿ ಭಾಗೇಲಾ ಕುರಿತು ನಿಬಂಧನೆಯೊಂದನ್ನು ತಂದಿತು. ಅದರ ಹೆಸರನ್ನು ಗಮನಿಸಬೇಕು: ಅದು ‘ಭಾಗೇಲಾ ಒಪ್ಪಂದಗಳ’ ನಿಬಂಧನೆ. ಪದ್ಧತಿಯನ್ನು ಅಳಿಸುವುದರ ಬದಲು ಒಪ್ಪಂದವನ್ನು ಕಟ್ಟುಪಾಡಿಗೆ ಒಳಪಡಿಸುವುದು ಅದರ ದೃಷ್ಟಿ. ಅಕ್ಷರ ಬಾರದವನಿಗೆ ಒಪ್ಪಂದದ ಕಾಗದದಿಂದ ಯಾವ ರಕ್ಷೆ? ಊರಿನಲ್ಲಿ ಅದನ್ನು ಓದಿ ಹೇಳಬೇಕಾದವರು ಪಟೇಲ ಪಟವಾರಿಗಳು. ಅವರೋ ದೇಶಮುಖರ ನೆರಳಿನಲ್ಲಿ ಬದುಕುವವರು. ಕಾನೂನನ್ನು ಜಾರಿಗೆ ತರಬೇಕಾದ ಕೈ ಮತ್ತು ಲೆಕ್ಕದ ಪುಸ್ತಕವನ್ನು ಹಿಡಿದ ಕೈ ಒಂದೇ ಆಗಿತ್ತು, ಇಲ್ಲವೇ ಒಂದೇ ಮನೆಯದಾಗಿತ್ತು. ತಡವಾದದ್ದಕ್ಕೆ ಮೊದಲ ಕಾರಣ ಇದು.

ಭಾಗೇಲಾದ ಜೊತೆಗೆ ‘ವೆಟ್ಟಿ’ಯೂ ಇತ್ತು. ನಮ್ಮ ‘ಬಿಟ್ಟಿ’ಯೇ ಅದು: ಕೂಲಿಯಿಲ್ಲದ ಚಾಕರಿ. ಅದರ ವಿರುದ್ಧ ಹೈದರಾಬಾದಿನಲ್ಲಿ ಎದ್ದ ದನಿ ಬಹುಕಾಲ ಠರಾವುಗಳ ರೂಪದಲ್ಲಿತ್ತು. 1930ರಲ್ಲಿ ಜೋಗಿಪೇಟೆಯಲ್ಲಿ ಮೊದಲ ಅಧಿವೇಶನ ನಡೆಸಿದ ಆಂಧ್ರ ಮಹಾಸಭಾ ಆರಂಭದಲ್ಲಿ ವಿನಂತಿಗಳ ಸಂಸ್ಥೆ. ನಲವತ್ತರ ದಶಕದಲ್ಲಿ ಅದು ಎಡಪಂಥೀಯರ ನೇತೃತ್ವದಲ್ಲಿ ಹಳ್ಳಿಗಳಿಗಿಳಿದು ‘ಸಂಘಂ’ ಆದಾಗ ಮಾತು ಬದಲಾಯಿತು. 1946ರ ಜುಲೈ 4ರಂದು ಕಡವೆಂಡಿಯಲ್ಲಿ ವಿಸ್ನೂರು ದೇಶಮುಖನ ಕಡೆಯವರ ಗುಂಡಿಗೆ ದೊಡ್ಡಿ ಕೊಮರಯ್ಯ ಬಲಿಯಾದ. ಅದು ಸಶಸ್ತ್ರ ಹೋರಾಟದ ಕಿಡಿಯಾಯಿತು. ಸಂಘವಿದ್ದ ಊರುಗಳಲ್ಲಿ ವೆಟ್ಟಿ ನಿಂತದ್ದು ಸರಕಾರದ ಆಜ್ಞೆಯಿಂದಲ್ಲ, ಜನ ಒಟ್ಟಾಗಿ ಚಾಕರಿಗೆ ಹೋಗದೆ ನಿಂತದ್ದರಿಂದ. ಸಂವಿಧಾನದ 23ನೆಯ ವಿಧಿ ಬಿಟ್ಟಿ ಚಾಕರಿಯನ್ನು ನಿಷೇಧಿಸಿದಾಗ ತೆಲಂಗಾಣದ ಎಷ್ಟೋ ಊರುಗಳಲ್ಲಿ ಅದು ಆಗಲೇ ಮುರಿದುಬಿದ್ದಿತ್ತು. ಆದರೆ ಬಿಟ್ಟಿಯನ್ನು ನಿರಾಕರಿಸಿದಷ್ಟು ಸುಲಭವಾಗಿ ಸಾಲವನ್ನು ನಿರಾಕರಿಸಲಾಗದು. ಬಿಟ್ಟಿ ಅನ್ಯಾಯವೆಂದು ಎಲ್ಲರಿಗೂ ತಿಳಿದಿತ್ತು. ಸಾಲ ಮಾತ್ರ ಧರ್ಮದ ವಿಷಯವಾಗಿತ್ತು.

ಇದು ನನಗೆ ಅರ್ಥವಾದದ್ದು ರಾಯಚೂರು ಕಡೆಯ ನಮ್ಮೂರಿನ ಮುದುಕರೊಬ್ಬರ ಮಾತಿನಿಂದ. ಕಾನೂನು ಬಂದ ಮೇಲೂ ಅವರು ಎರಡು ವರ್ಷ ಜೀತಕ್ಕಿದ್ದರಂತೆ. ಏಕೆಂದು ಕೇಳಿದೆ. “ನಮ್ಮಪ್ಪ ಮಾತು ಕೊಟ್ಟಿದ್ದ ತಮ್ಮಾ, ರೊಕ್ಕ ತಿಂದು ಓಡಿಹೋದ ಅನ್ನಿಸ್ಕೋಬೇಕೇನು?” ಎಂದರು. ಅವರನ್ನು ಕಟ್ಟಿಹಾಕಿದ್ದು ಭಯವೊಂದೇ ಅಲ್ಲ, ಮರ್ಯಾದೆ ಕೂಡ.

ಅವರು ಹೇಳಿದ ಕಾನೂನು 1976ರದು. ತುರ್ತುಪರಿಸ್ಥಿತಿಯ ಕಾಲದಲ್ಲಿ ಮೊದಲು ಸುಗ್ರೀವಾಜ್ಞೆಯಾಗಿ ಬಂದ ಇದು 1975ರ ಅಕ್ಟೋಬರ್ 25ರಿಂದಲೇ ಜಾರಿಗೆ ಬಂದಂತೆ ಅಂಗೀಕೃತವಾಯಿತು. ಅದು ನಿಷೇಧಿಸಿದ ಪದ್ಧತಿಗಳ ಪಟ್ಟಿಯಲ್ಲಿ ಭಾಗೇಲಾ, ಜೀತ, ಹೊಲೆಯ, ವೆಟ್ಟಿ ಎಲ್ಲವೂ ಹೆಸರು ಹಿಡಿದು ಬಂದಿವೆ. ಹೆಚ್ಚು ಮುಖ್ಯವಾದ ಎರಡು ಸಂಗತಿಗಳು ಬೇರೆ. ಹಿಂದಿನ ಕಾನೂನುಗಳು ಹಕ್ಕನ್ನೋ ಒಪ್ಪಂದವನ್ನೋ ಮುಟ್ಟಿದವು. ಇದು ಸಾಲವನ್ನೇ ಅಳಿಸಿತು. ತೀರಿದ ಸಾಲಕ್ಕೆ ಮತ್ತೆ ಹಣ ಪಡೆಯುವುದೂ ಅಪರಾಧ. ಎರಡನೆಯದು, ಆಳು ಜೀತದ ಸಾಲವೆಂದು ಹೇಳಿದರೆ ಹಾಗಲ್ಲವೆಂದು ರುಜುವಾತುಪಡಿಸುವ ಹೊಣೆ ಸಾಲ ಕೊಟ್ಟವನದು. ಪುಸ್ತಕ ಯಾರ ಕೈಯಲ್ಲಿದೆಯೋ ಅವನೇ ಲೆಕ್ಕ ಒಪ್ಪಿಸಬೇಕು. 1843ರಿಂದ ಈ ಒಂದು ವಾಕ್ಯದವರೆಗೆ ಬರಲು ನೂರ ಮೂವತ್ತಕ್ಕೂ ಹೆಚ್ಚು ವರ್ಷ ಬೇಕಾದವು.

ಆದರೂ ಸಾಲ ಅಳಿದ ಮರುದಿನ ಒಲೆ ಹೊತ್ತಿಸಲು ಏನಿದೆ ಎಂಬ ಪ್ರಶ್ನೆ ಉಳಿಯಿತು. ಹೊಲವಿಲ್ಲದ ಬಿಡುಗಡೆ ಅನೇಕರನ್ನು ಅದೇ ಜಗಲಿಗೆ ಮರಳಿಸಿತು. ಪುನರ್ವಸತಿಗೆಂದು 1978ರಲ್ಲಿ ಬಂದ ಕೇಂದ್ರದ ಯೋಜನೆ ತಲೆಗೆ ನಾಲ್ಕು ಸಾವಿರ ರೂಪಾಯಿ ಗೊತ್ತುಮಾಡಿತು. 2016ರ ಪರಿಷ್ಕರಣದಲ್ಲಿ ವಯಸ್ಕ ಪುರುಷನಿಗೆ ಅದು ಒಂದು ಲಕ್ಷವಾಯಿತು. ಆದರೆ ಪೂರ್ಣ ಮೊತ್ತವನ್ನು ಒಡೆಯನಿಗೆ ಶಿಕ್ಷೆಯಾಗುವುದಕ್ಕೆ ಗಂಟುಹಾಕಲಾಯಿತು. ವಿಚಾರಣೆ ಮುಗಿಯುವವರೆಗೆ ಬಿಡುಗಡೆಯಾದವನು ತಕ್ಷಣದ ಅಲ್ಪ ನೆರವಿನಲ್ಲೇ ಕಾಯಬೇಕು.

ಇಂದು ಹೈದರಾಬಾದಿನ ಸುತ್ತಲ ಇಟ್ಟಿಗೆ ಭಟ್ಟಿಗಳಿಗೆ ಒಡಿಶಾದ ಬಲಾಂಗೀರ್, ನುವಾಪಡಾ ಕಡೆಯಿಂದ ಕುಟುಂಬಗಳು ಬರುತ್ತವೆ. ಸುಗ್ಗಿ ಹಬ್ಬದ ಹೊತ್ತಿಗೆ ಸರ್ದಾರ ಮುಂಗಡ ಕೊಟ್ಟಿರುತ್ತಾನೆ. ಗಂಡ, ಹೆಂಡತಿ, ಮಗು ಸೇರಿ ಒಂದು ‘ಪಥುರಿಯಾ’. ಕೂಲಿ ಇಟ್ಟಿಗೆಯ ಲೆಕ್ಕದಲ್ಲಿ. ಈಗ ಯಾರೂ ಜೀತವೆನ್ನುವುದಿಲ್ಲ, ‘ಅಡ್ವಾನ್ಸ್’ ಎನ್ನುತ್ತಾರೆ. ಇದು ಉದ್ಯೋಗವೋ ಬಂಧನವೋ ಎಂದು ತಿಳಿಯಲು ಮೂರು ಪ್ರಶ್ನೆ ಸಾಕು. ಮುಂಗಡದ ಲೆಕ್ಕ ಯಾರ ಬಳಿ ಇದೆ? ಕೂಲಿ ಕನಿಷ್ಠ ವೇತನಕ್ಕಿಂತ ಕಡಿಮೆಯೇ? ಕಡಿಮೆಯಾದರೆ ಅದು ಬಲಾತ್ಕಾರದ ದುಡಿಮೆಯೇ ಎಂದು ಸುಪ್ರೀಂ ಕೋರ್ಟು 1982ರಲ್ಲೇ ಹೇಳಿದೆ. ಕೊನೆಯದಾಗಿ, ಮನೆಯಲ್ಲಿ ಸಾವಾದರೆ ಇಡೀ ಕುಟುಂಬ ಒಟ್ಟಿಗೆ ಊರಿಗೆ ಹೋಗಬಹುದೇ, ಅಥವಾ ಒಬ್ಬರನ್ನು ಭಟ್ಟಿಯಲ್ಲಿ ಬಿಟ್ಟು ಹೋಗಬೇಕೇ? ಒಬ್ಬರನ್ನು ಬಿಟ್ಟೇ ಹೋಗಬೇಕೆಂದರೆ, ಹಾಗೆ ಉಳಿದವರೇ ಒತ್ತೆ.