ಗೊಬ್ಬರ ಜುಲೈಗೆ ಬೇಕು, ಉದ್ರಿ ಡಿಸೆಂಬರ್‌ಗೆ ಬರ್ತದ

ಮಸ್ಕಿಯಲ್ಲಿ ನಮ್ಮ ಕಾಕಾನದೊಂದು ಅಂಗಡಿ ಇದೆ. ಗೊಬ್ಬರ, ಬೀಜ, ಎಣ್ಣಿ ಮಾರ್ತಾರೆ. ಎಣ್ಣಿ ಅಂದ್ರೆ ಅಡುಗೆ ಎಣ್ಣೆ ಅಲ್ಲ, ನಮ್ಮ ಕಡೆ ಬೆಳೆಗೆ ಹೊಡೆಯೋ ಕ್ರಿಮಿನಾಶಕಕ್ಕೆ ಹಾಗಂತಾರೆ. ಗಿರಾಕಿಗಳು ಮೂರು ಕಡೆಯವರು. ಸಿಂಧನೂರು ಕಡೆಯವರದು ತುಂಗಭದ್ರಾ ಎಡದಂಡೆ ಕಾಲುವೆ ನೀರಿನ ಭತ್ತ. ಲಿಂಗಸುಗೂರು ಕಡೆಯವರದು ಹೆಚ್ಚಾಗಿ ಹತ್ತಿ, ತೊಗರಿ. ಮಸ್ಕಿ ಸುತ್ತಮುತ್ತಲಿನವರದು ಎರಡೂ ಸ್ವಲ್ಪ ಸ್ವಲ್ಪ. ಬೆಳೆ ಬೇರೆ ಬೇರೆಯಾದರೂ ಒಂದು ವಿಷಯದಲ್ಲಿ ಎಲ್ಲರೂ ಒಂದೇ: ಮಾಲು ಒಯ್ಯೋದು ಜೂನ್‌ನಿಂದ ಸೆಪ್ಟೆಂಬರ್, ದುಡ್ಡು ಕೊಡೋದು ರಾಶಿ ಆದಮೇಲೆ.

ರಾಶಿ ಆದ ದಿನವೇ ದುಡ್ಡು ಬರೋದಿಲ್ಲ. ಭತ್ತ ಕೊಯ್ದು, ಒಣಗಿಸಿ, ಸಿಂಧನೂರಿನ ಅಡತಿ ಅಂಗಡಿಗೋ ಮಿಲ್ಲಿಗೋ ಹಾಕಿ, ಅವರು ಹಣ ಕೊಡೋವರೆಗೆ ಡಿಸೆಂಬರ್ ಆಗುತ್ತೆ. ಹತ್ತಿ ಒಂದೇ ಸಲ ಬರೋದಿಲ್ಲ, ಬಿಡಿಸಿದ ಹಾಗೆ ಕಂತಿನಲ್ಲಿ ಬರುತ್ತೆ. ತೊಗರಿ ಜನವರಿ ಮಾತು. ಕಾಲುವೆಯ ಕೊನೆಭಾಗದ ಹೊಲಗಳಿಗೆ ನೀರು ತಡವಾಗಿ ತಲುಪೋದರಿಂದ ಅಲ್ಲಿ ನಾಟಿಯೂ ತಡ, ಉದ್ರಿ ತೀರೋದೂ ತಡ. ಆದರೆ ಕಾಕಾಗೆ ಗೊಬ್ಬರ ಕೊಡೋ ಡಿಸ್ಟ್ರಿಬ್ಯೂಟರ್ ಕಾಯೋದಿಲ್ಲ. ದುಡ್ಡು ಹಾಕಿದ ಮೇಲೇ ಲಾರಿ ಬಿಡ್ತಾರೆ.

ಈ ನಡುವಿನ ತಿಂಗಳುಗಳನ್ನ ದಾಟೋಕೆ ಕಾಕಾಗೆ ಬ್ಯಾಂಕಿನಲ್ಲಿ 20 ಲಕ್ಷದ ಸಿಸಿ, ಅಂದ್ರೆ ಕ್ಯಾಶ್ ಕ್ರೆಡಿಟ್ ಖಾತೆ ಇತ್ತು. ಸಾಲದೇ ಬಂದಾಗ ಖಾಸಗಿಯವರ ಹತ್ರ ಮೂರು ರೂಪಾಯಿ ಬಡ್ಡಿಗೆ ತರ್ತಿದ್ದರು. ನೂರಕ್ಕೆ ತಿಂಗಳಿಗೆ ಮೂರು. ಬೆಂಗಳೂರಿನಲ್ಲಿ ಕೂತು ಕೇಳೋಕೆ ಚಿಕ್ಕದೆನಿಸುತ್ತೆ, ವರ್ಷಕ್ಕೆ 36 ಪರ್ಸೆಂಟ್. ಹಬ್ಬಕ್ಕೆ ಊರಿಗೆ ಹೋದಾಗ ಕಾಕಾ ಹೇಳಿದರು: "ನೋಡಪಾ, ಲಿಮಿಟ್ ಹೆಚ್ಚು ಮಾಡ್ರಿ ಅಂತ ಎರಡು ಸಲ ಕೇಳೀನಿ. ವಹಿವಾಟು ನೋಡಿದ್ರ ಇಷ್ಟೇ ಬರ್ತದ ಅಂತಾರ. ಅವರಿಗೆ ತಿಳಿಯೋ ಭಾಷಾದಾಗ ನೀ ಬರದು ಕೊಡು."

ಹಾಗಾಗಿ ಮೂರು ದಿನ ನಾನು ಅವರ ಖಾತೆ ಪುಸ್ತಕಗಳ ಜೊತೆ ಕೂತೆ.

ಮೊದಲು ಬ್ಯಾಂಕಿನ ಲೆಕ್ಕ. ಸಣ್ಣ ಉದ್ಯಮಗಳಿಗೆ ಬ್ಯಾಂಕುಗಳು ಸಾಮಾನ್ಯವಾಗಿ ಬಳಸೋದು ನಾಯಕ್ ಸಮಿತಿ ಹೇಳಿದ ಸೂತ್ರ. ವರ್ಷಕ್ಕೆ ಆಗಬಹುದಾದ ವಹಿವಾಟಿನ ಶೇ. 25ರಷ್ಟು ದುಡಿಯುವ ಬಂಡವಾಳ ಬೇಕು ಅಂತ ಹಿಡೀತಾರೆ. ಅದರಲ್ಲಿ ಶೇ. 20 ಬ್ಯಾಂಕ್ ಕೊಡುತ್ತೆ, ಶೇ. 5 ಮಾಲೀಕನೇ ಹಾಕಬೇಕು. ಕಾಕಾನ ವಹಿವಾಟು 1.2 ಕೋಟಿ. ಸೂತ್ರದ ಪ್ರಕಾರ 24 ಲಕ್ಷ. ಬ್ಯಾಂಕಿನವರು ಹೇಳ್ತಿದ್ದದ್ದು ಸುಳ್ಳಲ್ಲ, ಹೆಚ್ಚೆಂದರೆ ಇನ್ನು 4 ಲಕ್ಷ.

ಆದರೆ ವಹಿವಾಟಿನ ಕಾಲು ಭಾಗ ಅಂದರೆ ಹಾಕಿದ ದುಡ್ಡು ಮೂರು ತಿಂಗಳಿಗೊಮ್ಮೆ ತಿರುಗಿ ಕೈಗೆ ಬರುತ್ತೆ ಅಂತ ಅರ್ಥ. ಕಿರಾಣಿ ಅಂಗಡಿಗೆ ಅದು ಧಾರಾಳ. ಜುಲೈನಲ್ಲಿ ಕೊಟ್ಟ ಡಿಎಪಿ ಚೀಲದ ದುಡ್ಡು ಡಿಸೆಂಬರ್‌ನಲ್ಲಿ ಬರೋ ಅಂಗಡಿಗೆ ಸಾಲದು. ನಮ್ಮ ಆಫೀಸಿನಲ್ಲಿ ಸರ್ವರ್ ಎಷ್ಟು ದೊಡ್ಡದಿರಬೇಕು ಅಂತ ದಿನದ ಸರಾಸರಿ ನೋಡಿ ಯಾರೂ ನಿರ್ಧರಿಸೋದಿಲ್ಲ, ಅತಿ ಹೆಚ್ಚು ಲೋಡ್ ಬೀಳೋ ಗಂಟೆ ನೋಡ್ತೀವಿ. ಇಲ್ಲೂ ಅದೇ. ಸೂತ್ರ ಹೇಳೋದು ಕನಿಷ್ಠ ಮಿತಿ ಮಾತ್ರ. ವ್ಯಾಪಾರದ ಚಕ್ರ ಉದ್ದ ಅಂತ ತೋರಿಸಿದರೆ ಬ್ಯಾಂಕ್ ಅದಕ್ಕಿಂತ ಹೆಚ್ಚು ಕೊಡಬಹುದು. ತೋರಿಸೋಕೆ ವರ್ಷದ ಲೆಕ್ಕ ಸಾಲದು, ತಿಂಗಳ ಲೆಕ್ಕ ಬೇಕು.

ತಿಂಗಳ ಲೆಕ್ಕ ಹೀಗೆ ಬಂತು. ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಮಾರಾಟ 80 ಲಕ್ಷ. ಅದರಲ್ಲಿ ನಗದು 32 ಲಕ್ಷ, ಉದ್ರಿ 48 ಲಕ್ಷ. ಇದೇ ನಾಲ್ಕು ತಿಂಗಳಲ್ಲಿ ಮಾಲಿಗೆ ಕೊಟ್ಟದ್ದು 74 ಲಕ್ಷ, ಬಾಡಿಗೆ, ಹಮಾಲಿ, ಬಡ್ಡಿ, ಮನೆಖರ್ಚು ಸೇರಿ 4 ಲಕ್ಷ. 78 ಹೋಯ್ತು, 32 ಬಂತು. ಸೆಪ್ಟೆಂಬರ್ ಕೊನೆಗೆ ಹೊರಗೆ ಸಿಕ್ಕಿಕೊಂಡಿದ್ದು 46 ಲಕ್ಷ. ಕಾಕಾನ ಸ್ವಂತ ಬಂಡವಾಳ 16, ಸಿಸಿ 20. ಉಳಿದ 10 ಲಕ್ಷವೇ ಮೂರು ರೂಪಾಯಿ ಬಡ್ಡಿಯದು.

ಆ 10 ಲಕ್ಷಕ್ಕೆ ನಾಲ್ಕು ತಿಂಗಳಿಗೆ 1.2 ಲಕ್ಷ ಬಡ್ಡಿ. ಬ್ಯಾಂಕಿನ ದರ 11 ಪರ್ಸೆಂಟ್ ಅಂತ ಹಿಡಿದರೆ ಅದೇ ದುಡ್ಡಿಗೆ ಸುಮಾರು 37 ಸಾವಿರ. ಹಂಗಾಮಿನ ಮಾರಾಟದಲ್ಲಿ ಕಾಕಾಗೆ ಉಳಿಯೋದು ನೂರಕ್ಕೆ ಎಂಟರಂತೆ 6 ಲಕ್ಷ ಚಿಲ್ಲರೆ. ಅದರಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಖಾಸಗಿ ಬಡ್ಡಿಗೇ ಹೋಗ್ತಿತ್ತು.

ಇಲ್ಲಿಗೆ 30 ಲಕ್ಷದ ಲಿಮಿಟ್ ಕೇಳಿದರೆ ಮುಗೀತು ಅನಿಸುತ್ತೆ. ಆದರೆ ಅಸಲಿ ಗಂಟು ಇನ್ನೊಂದು ಕಡೆ ಇತ್ತು.

ಸಿಸಿ ಲಿಮಿಟ್ ಎಷ್ಟೇ ಇರಲಿ, ಅಷ್ಟನ್ನೂ ತೆಗೆಯೋ ಹಾಗಿಲ್ಲ. ಪ್ರತಿ ತಿಂಗಳು ಸ್ಟಾಕ್ ಸ್ಟೇಟ್‌ಮೆಂಟ್ ಕೊಡಬೇಕು. ಅದರಲ್ಲಿನ ಮಾಲು ಮತ್ತು ಬರಬೇಕಾದ ಉದ್ರಿಯಿಂದ ಮಾರ್ಜಿನ್ ಕಳೆದು ಬ್ಯಾಂಕ್ 'ಡ್ರಾಯಿಂಗ್ ಪವರ್' ತೆಗೆಯುತ್ತೆ. ಲಿಮಿಟ್, ಡ್ರಾಯಿಂಗ್ ಪವರ್ ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ ನಿಮ್ಮದು. ಕಾಕಾನ ಮಂಜೂರಾತಿ ಪತ್ರದ ಪ್ರಕಾರ ಮಾಲಿಗೆ ಶೇ. 25, ಉದ್ರಿಗೆ ಶೇ. 40 ಮಾರ್ಜಿನ್. ಜೊತೆಗೆ ಒಂದು ಸಾಲು: 90 ದಿನ ದಾಟಿದ ಉದ್ರಿ ಲೆಕ್ಕಕ್ಕಿಲ್ಲ.

ಉದ್ರಿಯನ್ನ ತಿಂಗಳುವಾರು ಬಿಡಿಸಿದೆ. ಜೂನ್‌ದು 7.2 ಲಕ್ಷ, ಜುಲೈದು 14.4, ಆಗಸ್ಟ್‌ದು 16.8, ಸೆಪ್ಟೆಂಬರ್‌ದು 9.6. ಅಕ್ಟೋಬರ್ ಕೊನೆಗೆ ಜೂನ್, ಜುಲೈ ಉದ್ರಿ 90 ದಿನ ದಾಟಿರುತ್ತೆ. ಉಳಿಯೋದು 26.4 ಲಕ್ಷ. ಅದರ ಶೇ. 60, ಮೇಲೆ ಅಂಗಡಿಯ 4 ಲಕ್ಷದ ಮಾಲಿಗೆ 3 ಲಕ್ಷ. ಒಟ್ಟು ಡ್ರಾಯಿಂಗ್ ಪವರ್ 18.8 ಲಕ್ಷ. ನವೆಂಬರ್ ಕೊನೆಗೆ ಆಗಸ್ಟ್ ಉದ್ರಿಯೂ ಹೊರಗೆ, ಡ್ರಾಯಿಂಗ್ ಪವರ್ 8.8 ಲಕ್ಷಕ್ಕೆ ಇಳಿಯುತ್ತೆ. ಖಾತೆಯಲ್ಲಿ 20 ಲಕ್ಷ ತೆಗೆದು ಕೂತಿರ್ತಾರೆ.

ಅಂದರೆ ಭತ್ತ ತೆನೆ ಬಾಗಿ ನಿಂತು, ಹಣ ಬರೋದು ಖಾತ್ರಿ ಆಗೋ ಹೊತ್ತಿಗೇ ಬ್ಯಾಂಕಿನ ಕಂಪ್ಯೂಟರ್‌ನಲ್ಲಿ ಕಾಕಾನ ಖಾತೆ ಕೆಂಪಾಗುತ್ತೆ. ರಿಸರ್ವ್ ಬ್ಯಾಂಕ್ ನಿಯಮದಂತೆ ಸಿಸಿ ಬಾಕಿ ಮಿತಿ ಮೀರಿ 30 ದಿನ ದಾಟಿದರೆ ಎಸ್‌ಎಂಎ-1, 60 ದಾಟಿದರೆ ಎಸ್‌ಎಂಎ-2, 90 ದಿನ ಬಿಡದೆ ಮೀರಿದ್ದರೆ ಎನ್‌ಪಿಎ. ಹಿಂದಿನ ವರ್ಷ ಎಸ್‌ಎಂಎ-1 ಅಂತ ಮೆಸೇಜ್ ಬಂದಿತ್ತಂತೆ. ಕಾಕಾ ಅದನ್ನ ಜಾಹೀರಾತು ಅಂದ್ಕೊಂಡು ಅಳಿಸಿದ್ದರು. ಇದನ್ನ ಹಾಗೇ ಬಿಟ್ಟು ಲಿಮಿಟ್ ಮಾತ್ರ 30 ಲಕ್ಷಕ್ಕೆ ಏರಿಸಿದ್ದರೆ ಅಕ್ಟೋಬರ್‌ನಲ್ಲೇ 11 ಲಕ್ಷ ಮೀರಿದ ಖಾತೆ ಆಗ್ತಿತ್ತು. ಸಹಾಯ ಅಲ್ಲ, ಉರುಳು.

ಅದಕ್ಕೇ ಅರ್ಜಿಯಲ್ಲಿ ಎರಡು ಬೇಡಿಕೆ ಒಟ್ಟಿಗೆ ಇಟ್ಟೆವು. ಒಂದು, ವರ್ಷಪೂರ್ತಿ ಅಲ್ಲ, ಜೂನ್‌ನಿಂದ ಜನವರಿವರೆಗೆ 30 ಲಕ್ಷ, ಉಳಿದ ತಿಂಗಳು 15 ಲಕ್ಷ. ಎರಡು, ಉದ್ರಿಯ ಅವಧಿ 90ರ ಬದಲು 180 ದಿನ. 180 ದಿನ ಒಪ್ಪಿದರೆ ಅಕ್ಟೋಬರ್ ಕೊನೆಗೆ ಪೂರ್ತಿ 48 ಲಕ್ಷ ಲೆಕ್ಕಕ್ಕೆ ಬರುತ್ತೆ, ಡ್ರಾಯಿಂಗ್ ಪವರ್ 31.8 ಲಕ್ಷ. ಮೂವತ್ತು ತೆಗೆದರೂ ಖಾತೆ ಸರಿಯಾಗಿರುತ್ತೆ.

ಮಾತಿಗೆ ಸಾಕ್ಷಿ ಬೇಕಲ್ಲ. ಗೊಬ್ಬರದ ಚೀಲಗಳೆಲ್ಲ ರೈತರ ಹೆಬ್ಬೆಟ್ಟು ಒತ್ತಿಸಿಕೊಂಡು ಪಿಒಎಸ್ ಮಷಿನ್‌ನಲ್ಲೇ ಮಾರಾಟ ಆಗೋದರಿಂದ ಯಾವ ತಿಂಗಳು ಎಷ್ಟು ಹೋಯ್ತು ಅನ್ನೋದಕ್ಕೆ ದಾಖಲೆ ಇತ್ತು. ಮೂರು ವರ್ಷದ ಜಿಎಸ್‌ಟಿ ರಿಟರ್ನ್ಸ್ ಅದೇ ಏರಿಳಿತ ತೋರಿಸ್ತಿತ್ತು. ಉದ್ರಿ ಪುಸ್ತಕವನ್ನ ರೈತನ ಹೆಸರು, ಊರು, ಎಕರೆ, ಬೆಳೆ, ಒಯ್ದ ದಿನ, ಕೊಟ್ಟ ದಿನ ಅಂತ ಶೀಟ್‌ಗೆ ಹಾಕಿದೆ. ಬಹಳ ಕೆಲಸ ಮಾಡಿದ್ದು 'ಕೊಟ್ಟ ದಿನ' ಅನ್ನೋ ಕಾಲಮ್ಮು. ಉದ್ರಿ ತಡವಾಗಿ ಬಂದರೂ ಪ್ರತಿ ವರ್ಷ ಅದೇ ವಾರಗಳಲ್ಲಿ ಬರುತ್ತೆ ಅಂತ ಅದು ಹೇಳ್ತಿತ್ತು.

ಕೊರತೆ ಕಂಡಿದ್ದು ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ. ಡಿಸೆಂಬರ್‌ನಲ್ಲಿ ರೈತರು ಕೊಟ್ಟ ನಗದನ್ನ ಕಾಕಾ ಎಷ್ಟೋ ಸಲ ನೇರವಾಗಿ ಖಾಸಗಿ ಸಾಲಕ್ಕೆ ಕಟ್ಟಿಬಿಡ್ತಿದ್ದರು. ಸಿಸಿಯಲ್ಲಿ ಜಮೆ ಆಗದ ದುಡ್ಡು ಬ್ಯಾಂಕಿನ ಕಣ್ಣಿಗೆ ಬಂದೇ ಇಲ್ಲದ ದುಡ್ಡು.

ಬ್ಯಾಂಕಿನಲ್ಲಿ ಮ್ಯಾನೇಜರ್ ಮೇಡಂ ಹಾಳೆಗಳನ್ನ ಸಾವಧಾನವಾಗಿ ನೋಡಿದರು. ಮೊದಲ ಪ್ರಶ್ನೆಯೇ ತೂಕದ್ದು: "ಯಜಮಾನ್ರೇ, ಕಾಲುವೆಗೆ ನೀರೇ ಬರದಿದ್ರೆ?" 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋಗಿದ್ದು ಅವರಿಗೂ ನೆನಪಿತ್ತು. ತಾತ್ಕಾಲಿಕ ಗೇಟು ಕೂರೋವರೆಗೆ ನಮ್ಮ ಊರುಗಳಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇರಲಿಲ್ಲ.

ಕಾಕಾ ತಾವೇ ಉತ್ತರಿಸಿದರು. "ಮೇಡಂ ರೀ, ನೀರು ಬರಲಿಲ್ಲಂದ್ರ ನಾಟಿ ಇಲ್ಲ, ನಾಟಿ ಇಲ್ಲಂದ್ರ ನಾ ಗೊಬ್ಬರಾನೂ ಕೊಡಂಗಿಲ್ಲ. ನಿಮ್ಮ ಲಿಮಿಟ್ ಹಂಗೇ ಇರ್ತದ. ಅಂಜಿಕಿ ಇರೋದು ನಾಟಿ ಆದಮ್ಯಾಲ ನೀರು ನಿಂತ್ರ. ಅದಕ್ಕ ಕೊನೆಭಾಗದವರಿಗೆ ಒಮ್ಮೆಲೇ ಕೊಡಂಗಿಲ್ಲ, ಎರಡು ಕಂತು ಮಾಡ್ತೀನಿ. ಮತ್ತ ಉದ್ರಿ ಎಲ್ಲಾ ಭತ್ತದವರ ಕೈಯಾಗಿಲ್ಲ, ಲಿಂಗಸುಗೂರು ಕಡೆ ಹತ್ತಿ, ತೊಗರಿಯವರದೂ ಐತ್ರಿ." ನನ್ನ ಶೀಟ್‌ನಲ್ಲಿ ಈ ಮಾತು ಇರಲೇ ಇಲ್ಲ. ಮೇಡಂ ಅದನ್ನ ಬರೆದುಕೊಂಡರು.

ಕಡತ ಪ್ರಾದೇಶಿಕ ಕಚೇರಿಗೆ ಹೋಗಿ ಏಳು ವಾರದ ಮೇಲೆ ಉತ್ತರ ಬಂತು. 30 ಅಲ್ಲ, 28 ಲಕ್ಷ, ಹಂಗಾಮಿಗೆ ಮಾತ್ರ. ಉದ್ರಿಗೆ 180 ದಿನ ಒಪ್ಪಿದರು. ಷರತ್ತು ಮೂರು: ಪ್ರತಿ ತಿಂಗಳು 10ರೊಳಗೆ ಸ್ಟಾಕ್ ಸ್ಟೇಟ್‌ಮೆಂಟ್, ರೈತರಿಂದ ಬಂದದ್ದೆಲ್ಲ ಸಿಸಿಗೇ ಜಮೆ, ಜನವರಿ ಕೊನೆಗೆ ಬಾಕಿ 15 ಲಕ್ಷದ ಕೆಳಗೆ. ಕಡಿಮೆ ಬಿದ್ದ 2 ಲಕ್ಷಕ್ಕೆ ಕಾಕಾ ಖಾಸಗಿಯವರ ಹತ್ರ ಹೋಗಲಿಲ್ಲ, ಹಳೇ ಬಾಕಿ ಉಳಿಸಿಕೊಂಡ ಕೆಲವರಿಗೆ ಉದ್ರಿ ನಿಲ್ಲಿಸಿದರು. ಅದರಲ್ಲಿ ಒಬ್ಬರು ನಮ್ಮ ಸಂಬಂಧಿಕರೇ, ಈಗ ಮಾತು ಬಿಟ್ಟಿದ್ದಾರೆ.

ನಿಮ್ಮ ಮನೆಯಲ್ಲೂ ಇಂಥ ಅಂಗಡಿ ಇದ್ದರೆ ಮಂಜೂರಾತಿ ಪತ್ರ ತೆಗೆದು ಉದ್ರಿಯ ದಿನಗಳ ಸಾಲು ಮೊದಲು ಓದಿ, ಲಿಮಿಟ್ ಆಮೇಲೆ. ಅರ್ಜಿಯನ್ನ ಮಾರ್ಚ್‌ನಲ್ಲೇ ಕೊಡಿ. ಹಿಂದಿನ ಹಂಗಾಮಿನ ಜಮೆ ಆಗ ಸ್ಟೇಟ್‌ಮೆಂಟ್‌ನಲ್ಲಿ ಹೊಸದಾಗಿ ಕಾಣ್ತಿರುತ್ತೆ, ಜೂನ್ ಬರೋದರೊಳಗೆ ಉತ್ತರವೂ ಬಂದಿರುತ್ತೆ. ಕಾಲುವೆಗೆ ನೀರು ಬಿಟ್ಟಮೇಲೆ ಅರ್ಜಿ ಕೊಟ್ಟರೆ ಮಂಜೂರಾಗೋ ಹೊತ್ತಿಗೆ ನಾಟಿ ಮುಗಿದಿರುತ್ತೆ.