ಕೆಲಸ ಹೋದದ್ದಕ್ಕೆ ಒಂದೇ ಸಾಲು

ಕೆಲಸ ಹೋದ ಮೇಲಿನ ಡೈರಿ, ಭಾಗ 4

ಮೊದಲನೇ ಫೋಟೋದಲ್ಲಿರೋದು ನಮ್ಮ ದೊಡ್ಡಪ್ಪನ ಬಯೋಡೇಟಾ. ಹರಿಹರದ ಅವರ ಮನೆ ಟ್ರಂಕ್‌ನಲ್ಲಿ ಸಿಕ್ತು. ಟೈಪ್ ಮಾಡಿಸಿದ ಒಂದೇ ಹಾಳೆ, ಮಡಚಿದ ಕಡೆಯೆಲ್ಲ ಹರಿದಿದೆ. ಹೆಸರು, ವಿಳಾಸ, ಕಾರ್ಖಾನೆ ಹೆಸರು ಮುಚ್ಚಿದ್ದೀನಿ. ಎರಡನೇ ಫೋಟೋ ನನ್ನ ಲಿಂಕ್ಡ್‌ಇನ್ ಪ್ರೊಫೈಲ್‌ನ ಅಬೌಟ್ ಭಾಗ. ಇವೆರಡರ ಮಧ್ಯೆ ನಾನು ಒಂದೂವರೆ ತಿಂಗಳು ಒದ್ದಾಡಿದೆ.

ಹೋದ ಪೋಸ್ಟ್‌ಗೆ ಬಂದ ಡಿಎಂಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆ: "ಲೇಆಫ್ ಆಗಿದೆ ಅಂತ ಪ್ರೊಫೈಲ್‌ನಲ್ಲಿ ಹಾಕಬೇಕಾ? ಹಾಕಿದ್ರೆ ಹೆಂಗೆ ಹಾಕೋದು?" ನಾನು ಮಾಡಿದ ಮೂರು ತಪ್ಪು, ಆಮೇಲೆ ನಿಂತ ಒಂದು ಸಾಲು, ಎರಡನ್ನೂ ಹೇಳ್ತೀನಿ.

ಗೊತ್ತಿಲ್ಲದವರಿಗೆ: ನಾನು ಬೆಂಗಳೂರಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡ್ತಿದ್ದೆ. 2021ರ ಜುಲೈನಲ್ಲಿ ಸೇರಿದ್ದು, 2024ರ ಸೆಪ್ಟೆಂಬರ್ 30 ಕೊನೇ ದಿನ. ಕಂಪನಿ ನಮ್ಮ ಪ್ರಾಡಕ್ಟನ್ನೇ ನಿಲ್ಲಿಸಿತು, ತಂಡ ಹೋಯ್ತು, ನಾನೂ ಹೋದೆ. ರೂಮ್ ಖಾಲಿ ಮಾಡಿ ದಾವಣಗೆರೆಗೆ ಬಂದೆ.

ಬಂದ ವಾರವೇ ದೊಡ್ಡಪ್ಪನ ಹತ್ರ ಹೋಗಿ "ಲೇಆಫ್ ಆಯ್ತು" ಅಂದೆ. ಅವರು ಕೂಲಾಗಿ ಕೇಳಿದ್ರು: "ಹೌದಾ? ವಾಪಸ್ ಯಾವಾಗ ಕರೀತಾರಂತೆ?"

ತಮಾಷೆ ಮಾಡ್ತಿದ್ದಾರೆ ಅಂದ್ಕೊಂಡೆ. ಇಲ್ಲ. ಅವರ ಕಾಲದಲ್ಲಿ ಆ ಪದಕ್ಕೆ ಅರ್ಥವೇ ಬೇರೆ. ಆಗ ಇದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಲೇ-ಆಫ್ ಅಂದ್ರೆ ತಾತ್ಕಾಲಿಕವಾಗಿತ್ತು. ಕರೆಂಟ್ ಇಲ್ಲ, ಕಚ್ಚಾ ಸಾಮಾನು ಇಲ್ಲ ಅಂತ ಕೆಲಸ ಕೊಡೋಕೆ ಆಗದೇ ಇದ್ರೆ ಆ ದಿನಗಳಿಗೆ ಮೂಲ ವೇತನ, ತುಟ್ಟಿಭತ್ಯೆಯ ಅರ್ಧ ಕೊಡಬೇಕಿತ್ತು. ಹಾಜರಿ ಪುಸ್ತಕದಲ್ಲಿ ಹೆಸರು ಹಾಗೇ ಇರ್ತಿತ್ತು. ಪೂರ್ತಿ ತೆಗೆದುಹಾಕಿದ್ರೆ ಅದು ರಿಟ್ರೆಂಚ್‌ಮೆಂಟ್ ಆಗ್ತಿತ್ತು. ನಾವು ಐಟಿಯವರು ಅಮೆರಿಕದಿಂದ ಎತ್ಕೊಂಡು ಬಂದ ಪದವನ್ನ ದೊಡ್ಡಪ್ಪ ಗೇಟ್ ಹತ್ರ ನೋಟೀಸ್ ಬೋರ್ಡ್‌ನಲ್ಲಿ ಓದಿದವರು. ಒಂದೇ ಪದ ಇಬ್ಬರಿಗೆ ಎರಡು ಕಥೆ ಹೇಳುತ್ತೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಪ್ರೊಫೈಲ್‌ನಲ್ಲಿ ಆ ಪದದ ಬದಲು ಆದದ್ದನ್ನೇ ಬರೆಯಬೇಕು ಅನ್ನೋ ಯೋಚನೆ ಶುರುವಾಗಿದ್ದೂ ಅಲ್ಲಿಂದಲೇ. ಆದ್ರೆ ಅಲ್ಲಿಗೆ ಬರೋಕೆ ಮೂರು ಡ್ರಾಫ್ಟ್ ಹಾಳಾಯ್ತು.

ಮೊದಲನೇ ಡ್ರಾಫ್ಟ್ ಸಿಟ್ಟಿನದು. ರಾತ್ರಿ ಹನ್ನೊಂದಕ್ಕೆ ಬರೆದಿದ್ದೆ. "ಮೂರು ವರ್ಷ ದುಡಿದ ಮೇಲೆ ಹದಿನೈದು ನಿಮಿಷದ ಒಂದು ಕಾಲ್‌ನಲ್ಲಿ ನನ್ನನ್ನು ಹೊರಗೆ ಹಾಕಿದರು." ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದ್ರೆ ಅಬೌಟ್‌ನಲ್ಲಿ 2,600 ಅಕ್ಷರ ಬರೆಯೋಕೆ ಜಾಗ ಇದ್ರೂ, ಒತ್ತದೇ ಕಾಣೋದು ಮೊದಲ ಮೂರ್ನಾಲ್ಕು ಸಾಲು ಮಾತ್ರ. ಆ ಸಾಲುಗಳಲ್ಲಿ ಕಂಪನಿ ಏನು ಮಾಡ್ತು ಅಂತಿತ್ತು, ನಾನು ಏನು ಮಾಡ್ತೀನಿ ಅಂತ ಇರಲೇ ಇಲ್ಲ. ಟೆಸ್ಟರ್ ಹುಡುಕ್ಕೊಂಡು ಬಂದವರು ಅಲ್ಲಿಂದಲೇ ವಾಪಸ್ ಹೋಗ್ತಾರೆ. ಇನ್ನೊಂದು ವಿಷಯ, ಸೆಟಲ್‌ಮೆಂಟ್ ಪತ್ರಕ್ಕೆ ಸೈನ್ ಹಾಕಿದ್ನಲ್ಲ, ಅದರಲ್ಲಿ ಕಂಪನಿ ಬಗ್ಗೆ ಹೊರಗೆ ಕೆಟ್ಟದಾಗಿ ಮಾತಾಡಬಾರದು ಅನ್ನೋ ಷರತ್ತು ಇತ್ತು. ನಿಮ್ಮ ಪತ್ರದಲ್ಲೂ ಇದೆಯಾ ನೋಡ್ಕೊಂಡೇ ಬರೀರಿ.

ಎರಡನೇ ಡ್ರಾಫ್ಟ್ ವಿವರಣೆಯದು. ಸಿಟ್ಟು ತೆಗೆದೆ, ಸಮಜಾಯಿಷಿ ಬಂದು ಕೂತ್ಕೊಳ್ತು. ಮಾರುಕಟ್ಟೆ ಹೆಂಗಿತ್ತು, ಯಾವ ತಂಡವನ್ನ ಯಾವುದಕ್ಕೆ ಸೇರಿಸಿದ್ರು, ನನ್ನ ರೇಟಿಂಗ್ ಎಷ್ಟು ಚೆನ್ನಾಗಿತ್ತು, ಮ್ಯಾನೇಜರ್ ಎಷ್ಟು ಬೇಜಾರು ಮಾಡ್ಕೊಂಡ್ರು. ಬೆಳಿಗ್ಗೆ ಎದ್ದು ಸಾಲು ಎಣಿಸಿದೆ. ಹೊರಗೆ ಬಂದದ್ದರ ಬಗ್ಗೆ ಹನ್ನೊಂದು ಸಾಲು, ಮಾಡಿದ ಕೆಲಸದ ಬಗ್ಗೆ ಮೂರು. ಈ ಎಣಿಕೆ ನೀವೂ ಮಾಡಿ, ತಕ್ಷಣ ಗೊತ್ತಾಗುತ್ತೆ. ಎಲ್ಲಕ್ಕಿಂತ ಕೆಟ್ಟದಾಗಿ ಕಂಡ ಮಾತು "ನನ್ನ ತಪ್ಪಿಲ್ಲದಿದ್ದರೂ". ಓದುವವರ ತಲೇಲಿ ನನ್ನ ತಪ್ಪಿನ ವಿಚಾರವೇ ಇರಲಿಲ್ಲ. ನಾನೇ ಕೈಹಿಡಿದು ತಂದು ಕೂರಿಸಿದ್ದೆ.

ಮೂರನೇ ಸಲ ಬಚ್ಚಿಟ್ಟೆ. ಏನೂ ಬರೆಯೋದೇ ಬೇಡ ಅಂತ ಅಬೌಟ್ ಖಾಲಿ ಬಿಟ್ಟೆ, ಕೆಲಸದ ಕೊನೇ ದಿನಾಂಕವನ್ನೂ ಹಾಕಲಿಲ್ಲ. ಪ್ರೊಫೈಲ್ ಪ್ರಕಾರ ನಾನು ಇನ್ನೂ ಅಲ್ಲೇ ಕೆಲಸ ಮಾಡ್ತಿದ್ದೆ. ನವೆಂಬರ್‌ನಲ್ಲಿ ನಮ್ಮ ಬ್ಯಾಚಿನ ಗೆಳತಿಯೊಬ್ಬಳು ಅವಳ ಕಂಪನಿಯಲ್ಲಿ ನನ್ನನ್ನ ರೆಫರ್ ಮಾಡಿದ್ಲು. ಅಲ್ಲಿನ ಎಚ್‌ಆರ್ ಅವಳನ್ನೇ ಕೇಳಿದ್ರಂತೆ: "ಇವರು ಈಗ ಕೆಲಸದಲ್ಲಿದ್ದಾರಾ, ಇಲ್ವಾ? ರೆಸ್ಯೂಮೆಯಲ್ಲಿ ಒಂದು ಇದೆ, ಪ್ರೊಫೈಲ್‌ನಲ್ಲಿ ಇನ್ನೊಂದು ಇದೆ." ಅವಳು ಫೋನ್ ಮಾಡಿ ಬೈಯಲಿಲ್ಲ, "ಸರಿ ಮಾಡ್ಬಿಡು ಮಾರಾಯ್ತಿ, ನಾನು ಏನು ಹೇಳ್ಲಿ ಅವರಿಗೆ" ಅಂದ್ಲು ಅಷ್ಟೇ. ಬೈದಿದ್ರೇ ಚೆನ್ನಾಗಿತ್ತು. ನನ್ನ ಮುಜುಗರ ಮುಚ್ಚೋಕೆ ಹೋಗಿ ಅವಳ ಮಾತಿನ ಬೆಲೆ ಕಳೆದಿದ್ದೆ. ಆ ಕೆಲಸವೂ ಆಗಲಿಲ್ಲ.

ಆ ಭಾನುವಾರ ಹರಿಹರಕ್ಕೆ ಹೋದಾಗಲೇ ಈ ಬಯೋಡೇಟಾ ಸಿಕ್ಕಿದ್ದು.

ನಮ್ಮ ಎರಡೂ ಊರಿಗೆ ಈ ಕಥೆ ಹೊಸದಲ್ಲ. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸ್ಕೊಂಡಿದ್ದ ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಹರಿಹರದಲ್ಲಿ 1941ರಲ್ಲಿ ಶುರುವಾಗಿ ಲೇತ್ ಮಷಿನ್‌ಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕೂಡ ಮುಚ್ಚಿತು. ದೊಡ್ಡಪ್ಪನಂಥವರು ಈ ಕಡೆ ಪ್ರತಿ ಓಣಿಯಲ್ಲೂ ಇದ್ದಾರೆ. ಅವರು ಟರ್ನರ್ ಆಗಿದ್ರು. ಹಾಳೆಯಲ್ಲಿ ಮೊದಲು ಯಾವ ಯಾವ ಲೇತ್ ಓಡಿಸ್ತಾರೆ ಅಂತಿದೆ. ಆಮೇಲೆ ವರ್ನಿಯರ್‌ನಲ್ಲಿ 0.02 ಮಿ.ಮೀ. ವರೆಗೆ ಅಳತೆ ಹಿಡಿದು ಕೆಲಸ ಮಾಡಿದ್ದು, ಎಷ್ಟು ಹುಡುಗರಿಗೆ ಕಲಿಸಿದ್ದು. ಕೆಳಗೆ, ಸೇವೆಯ ವರ್ಷಗಳ ಪಕ್ಕ ಒಂದೇ ಸಾಲು: "ಕಾರ್ಖಾನೆ ಮುಚ್ಚಿದ್ದರಿಂದ ಸೇವೆ ಮುಕ್ತಾಯ." ಅದರ ಮುಂದಿನ ಸಾಲು: "ಯಾವುದೇ ಪಾಳಿಗೆ ಸಿದ್ಧ."

"ಯಾಕೆ ಮುಚ್ತು ಅಂತ ಬರೀಲಿಲ್ವಾ ದೊಡ್ಡಪ್ಪ?"

"ಅದನ್ನ ಬರೆಯೋಕೆ ಹಾಳೆ ಸಾಲ್ತಿತ್ತಾ? ಅವ್ರಿಗೆ ಬೇಕಾಗಿದ್ದು ನಂಗೆ ಲೇತ್ ಬರ್ತದಾ ಅಂತ."

ಒಂದು ವ್ಯತ್ಯಾಸ ಹೇಳಲೇಬೇಕು. ಕಾರ್ಖಾನೆ ಮುಚ್ಚಿದ್ದು ಇಡೀ ಊರಿಗೆ ಗೊತ್ತಿತ್ತು, ಯಾರೂ ಅವರನ್ನ ಅನುಮಾನದಿಂದ ನೋಡಲಿಲ್ಲ. ನನ್ನ ಕಂಪನಿ ಇನ್ನೂ ನಡೀತಿದೆ, ಒಂದು ತಂಡ ಮಾತ್ರ ಹೋಯ್ತು. ಹಾಗಾಗಿ ನನ್ನ ಸಾಲಿನಲ್ಲಿ "ತಂಡ" ಅನ್ನೋ ಮಾತು ಬರಲೇಬೇಕಿತ್ತು. ಇಲ್ಲದಿದ್ರೆ ನನ್ನೊಬ್ಬಳನ್ನೇ ತೆಗೆದ ಹಾಗೆ ಓದಿಸ್ಕೊಳ್ಳುತ್ತೆ.

ಈಗ ಪ್ರೊಫೈಲ್‌ನಲ್ಲಿರೋದು ಇಂಗ್ಲಿಷ್, ಕನ್ನಡದಲ್ಲಿ ಹೇಳೋದಾದ್ರೆ ಹೀಗಿದೆ:

"ಬಿಲ್ಲಿಂಗ್ ಸಾಫ್ಟ್‌ವೇರ್ ಟೆಸ್ಟ್ ಮಾಡುತ್ತೇನೆ. ಕೈಯಲ್ಲಿ ಮಾಡುತ್ತಿದ್ದ ಸುಮಾರು 400 ಪರೀಕ್ಷೆಗಳನ್ನು ಆಟೊಮೇಷನ್‌ಗೆ ತಂದೆ. ರಿಲೀಸ್‌ಗೆ ಮುಂಚಿನ ತಪಾಸಣೆ ಎರಡು ದಿನದಿಂದ ನಾಲ್ಕು ಗಂಟೆಗೆ ಇಳಿಯಿತು. ತೆರಿಗೆ ಲೆಕ್ಕದ ತಪ್ಪುಗಳನ್ನು ಗ್ರಾಹಕರಿಗೆ ಹೋಗುವ ಮೊದಲೇ ಹಿಡಿಯುವುದು ನನಗೆ ಇಷ್ಟದ ಕೆಲಸ. 2024ರ ಸೆಪ್ಟೆಂಬರ್‌ನಲ್ಲಿ ಕಂಪನಿ ನಮ್ಮ ಪ್ರಾಡಕ್ಟ್ ತಂಡವನ್ನು ಮುಚ್ಚಿದಾಗ ನನ್ನ ಹುದ್ದೆಯೂ ಮುಗಿಯಿತು. ಈಗ ಟೆಸ್ಟ್ ಆಟೊಮೇಷನ್ ಕೆಲಸ ಹುಡುಕುತ್ತಿದ್ದೇನೆ. ಬೆಂಗಳೂರು, ಹುಬ್ಬಳ್ಳಿ ಅಥವಾ ದಾವಣಗೆರೆಯಿಂದ ರಿಮೋಟ್. ತಕ್ಷಣ ಸೇರಬಲ್ಲೆ."

ಮೊದಲು ಕಾಣೋ ಸಾಲುಗಳಲ್ಲಿ ಪೂರ್ತಿ ಕೆಲಸವೇ ಇದೆ. ಹೊರಬಂದ ಸಾಲು ಐದನೆಯದು. ಅದರಲ್ಲಿ ಮೂರೇ ಸಂಗತಿ: ಯಾವಾಗ, ಏನು ಮುಚ್ತು, ನನ್ನ ಹುದ್ದೆಗೆ ಏನಾಯ್ತು. "ದುರದೃಷ್ಟವಶಾತ್" ಇಲ್ಲ, "ದಿಢೀರನೆ" ಇಲ್ಲ, "ಕೃತಜ್ಞತೆ" ಕೂಡ ಇಲ್ಲ. ಮನಸ್ಸಲ್ಲಿ ಇಲ್ಲದ ಕೃತಜ್ಞತೆ ಬರೆದ್ರೆ ಅದೂ ಒಂಥರಾ ವ್ಯಂಗ್ಯ ಆಗುತ್ತೆ. ಆ ಸಾಲಿಗೆ ಅಂಟಿಕೊಂಡೇ ಮುಂದಿನ ಕೆಲಸದ ಸಾಲು ಬರುತ್ತೆ, ಓದುವವರು ಅಲ್ಲಿ ನಿಲ್ಲೋಕೆ ಕಾರಣವೇ ಸಿಗಲ್ಲ.

ಒಂದು ಎಚ್ಚರಿಕೆ, ಇದು ನನಗೆ ತಡವಾಗಿ ಗೊತ್ತಾಗಿದ್ದು. ಕಾಲ್‌ನಲ್ಲಿ "ಹುದ್ದೆ ತೆಗೀತಿದ್ದೀವಿ" ಅಂದವರು ಪೋರ್ಟಲ್‌ನಲ್ಲಿ ನಮ್ಮ ಕೈಯಿಂದಲೇ ರಾಜೀನಾಮೆ ಹಾಕಿಸಿದ್ರು. ರಿಲೀವಿಂಗ್ ಲೆಟರ್‌ನಲ್ಲೂ ರಾಜೀನಾಮೆ ಅಂತಲೇ ಇದೆ. ಹೊಸ ಕಂಪನಿಯವರು ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಮಾಡಿಸಿದಾಗ ಹಳೇ ಎಚ್‌ಆರ್ ಅದನ್ನೇ ಹೇಳ್ತಾರೆ. ನಾನು "ಲೇಆಫ್ ಮಾಡಿದ್ರು" ಅಂತ ಬರೆದಿದ್ರೆ ಎರಡಕ್ಕೂ ತಾಳೆ ಆಗ್ತಿರಲಿಲ್ಲ. "ತಂಡ ಮುಚ್ಚಿದಾಗ ಹುದ್ದೆ ಮುಗಿಯಿತು" ಅನ್ನೋದು ಪತ್ರದಲ್ಲಿ ಏನೇ ಇದ್ರೂ ನಿಜವೇ. ಅರ್ಜಿ ಫಾರಂನಲ್ಲಿ ಬಿಟ್ಟ ಕಾರಣ ಕೇಳಿದ ಕಡೆ "ತಂಡ ಮುಚ್ಚಿದ್ದರಿಂದ ರಾಜೀನಾಮೆ" ಅಂತ ಎರಡನ್ನೂ ಸೇರಿಸಿ ಬರೀತೀನಿ. ತಂಡ ಮುಚ್ಚುವ ಬಗ್ಗೆ ಬಂದ ಇಮೇಲ್‌ನ ಪ್ರತಿ ಇಟ್ಕೊಂಡಿದ್ದೀನಿ. ಪ್ರೊಫೈಲ್‌ನ ಕೊನೇ ತಿಂಗಳು ರಿಲೀವಿಂಗ್ ಲೆಟರ್‌ನ ತಿಂಗಳೇ ಆಗಿರಲಿ. ಪಿಎಫ್ ಖಾತೆಯ ಸರ್ವೀಸ್ ಹಿಸ್ಟರಿಯಲ್ಲೂ ಸೇರಿದ, ಬಿಟ್ಟ ದಿನಾಂಕ ಕಾಣುತ್ತೆ, ಅದನ್ನೂ ಒಮ್ಮೆ ನೋಡ್ಕೊಳ್ಳಿ.

ಈ ಸಾಲು ಎಲ್ಲರಿಗೂ ಬೇಕಾಗಿಲ್ಲ. ಹೊಸ ಕೆಲಸ ಸಿಕ್ಕಿದ್ರೆ ತೆಗೆದುಬಿಡಿ, ದಿನಾಂಕಗಳೇ ಸಾಕು. ಕೆಲಸ ಸರಿಯಿಲ್ಲ ಅಂತ ನಿಮ್ಮೊಬ್ಬರನ್ನೇ ತೆಗೆದಿದ್ರೆ ಇದನ್ನ ಕಾಪಿ ಮಾಡಬೇಡಿ. ಒಂದು ಫೋನ್‌ನಲ್ಲಿ ಸುಳ್ಳು ಗೊತ್ತಾಗುತ್ತೆ. ಆಗ ಅಬೌಟ್‌ನಲ್ಲಿ ಕೆಲಸ ಮಾತ್ರ ಇರಲಿ, ಉಳಿದದ್ದನ್ನ ಕೇಳಿದವರಿಗೆ ಎದುರಲ್ಲೇ ಹೇಳಿ.

ಬದಲಾಯಿಸಿದ ಮೇಲೆ ಎರಡು ಕಡೆಯಿಂದ ಇಂಟರ್‌ವ್ಯೂಗೆ ಕರೆ ಬಂತು. ಒಂದು ಆಗಲಿಲ್ಲ. ಇನ್ನೊಂದರಲ್ಲಿ ಮೂರನೇ ರೌಂಡ್ ಬಾಕಿ ಇದೆ. ಅಲ್ಲಿ ಯಾಕೆ ಬಿಟ್ರಿ ಅಂತ ಕೇಳಿದಾಗ ಪ್ರೊಫೈಲ್‌ನ ಆ ಒಂದು ಸಾಲನ್ನೇ ಹೇಳಿದೆ. ಅವರು "ಸರಿ" ಅಂದು ಆ 400 ಪರೀಕ್ಷೆಗಳ ಬಗ್ಗೆ ನಲವತ್ತು ನಿಮಿಷ ಕೇಳಿದ್ರು.

ಗೆಳತಿಗೆ ಹೊಸ ಲಿಂಕ್ ಕಳಿಸಿ ಸಾರಿ ಕೇಳಿದೆ. ದೊಡ್ಡಪ್ಪನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಪೂರ್ತಿ ಕೇಳಿಸ್ಕೊಂಡು, "ಪಾಳಿ ವಿಷ್ಯ ಹಾಕಿಲ್ವಲ್ಲ?" ಅಂದ್ರು.

ಭಾಗ 5ರಲ್ಲಿ ಆ ನಲವತ್ತು ನಿಮಿಷದ ಬಗ್ಗೆ ಬರೀತೀನಿ. ನೀವು ಬರೆದ ಸಾಲು ಇದ್ರೆ ಕಂಪನಿ ಹೆಸರು ತೆಗೆದು ಡಿಎಂ ಮಾಡಿ, ಒಟ್ಟಿಗೆ ಕೂತು ಸಣ್ಣದು ಮಾಡೋಣ.

#ದಾವಣಗೆರೆ #ಹರಿಹರ #ಕೆಲಸಹೋದಮೇಲೆ