ದುಪ್ಪಟ್ಟು ಮಾಡಿ, ಮೂವತ್ತು ಕೂಡಿಸಿ

ಅಮೆರಿಕದಲ್ಲಿರುವ ಮಗಳ ಮನೆಗೆ ಹೋದ ಮೈಸೂರಿನ ದಂಪತಿಗೆ ಅಲ್ಲಿನ ಹವಾಮಾನ ವರದಿ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಇವತ್ತು 68 ಡಿಗ್ರಿಯಂತೆ! ಅಳಿಯ ನಕ್ಕು ಉಪಾಯ ಹೇಳಿಕೊಡುತ್ತಾನೆ: ಮೂವತ್ತು ಕಳೆಯಿರಿ, ಅರ್ಧ ಮಾಡಿ. ಬಂದದ್ದು 19. ನಿಜವಾದ ಲೆಕ್ಕ 20. ಸ್ವೆಟರ್ ಬೇಕೋ ಬೇಡವೋ ಎಂದು ತೀರ್ಮಾನಿಸಲು ಇಷ್ಟು ಸಾಕು.

ಇದನ್ನೇ ತಿರುಗಿಸಿದರೆ, ಸೆಲ್ಸಿಯಸ್ಸನ್ನು ದುಪ್ಪಟ್ಟು ಮಾಡಿ ಮೂವತ್ತು ಕೂಡಿಸಿದರೆ, ಫ್ಯಾರನ್‌ಹೀಟ್. ಸರಿಯಾದ ಸೂತ್ರ 1.8ರಿಂದ ಗುಣಿಸಿ 32 ಕೂಡಿಸುವುದು. ಅಂದರೆ ಈ ಉಪಾಯ ಆರಂಭದಲ್ಲೇ 2 ಡಿಗ್ರಿ ಹಿಂದೆ ಬೀಳುತ್ತದೆ, ಆಮೇಲೆ ಪ್ರತಿ 5 ಸೆಲ್ಸಿಯಸ್‌ಗೆ 1 ಫ್ಯಾರನ್‌ಹೀಟ್‌ನಂತೆ ಮುಂದೆ ಓಡುತ್ತದೆ. ಎರಡೂ ಸರಿಹೋಗುವುದು 10 ಡಿಗ್ರಿಯಲ್ಲಿ ಮಾತ್ರ. ಅಲ್ಲಿ ಉತ್ತರ ಕರಾರುವಾಕ್ಕಾಗಿ 50. ಬೆಂಗಳೂರಿನ 30ಕ್ಕೆ ಅದು 90 ಎನ್ನುತ್ತದೆ, ನಿಜ 86. ಕಲಬುರಗಿಯ ಬೇಸಿಗೆಯ 42ಕ್ಕೆ 114 ಎನ್ನುತ್ತದೆ, ನಿಜ 107.6. ಬಿಸಿಲು ಹೇಗೂ ಬಿಸಿಲೇ. ಈ ತಪ್ಪಿನಿಂದ ಯಾರೂ ಛತ್ರಿ ಬಿಟ್ಟು ಹೊರಡುವುದಿಲ್ಲ.

ಎಡವಟ್ಟಾಗುವುದು ಜ್ವರದಲ್ಲಿ.

ನಮ್ಮಲ್ಲೊಂದು ವಿಚಿತ್ರವಿದೆ. ಬಿಸಿಲನ್ನು ಸೆಲ್ಸಿಯಸ್‌ನಲ್ಲಿ ಅಳೆಯುವ ನಾವು ಜ್ವರವನ್ನು ಮಾತ್ರ ಫ್ಯಾರನ್‌ಹೀಟ್‌ನಲ್ಲೇ ಹೇಳುತ್ತೇವೆ: "ನೂರಾ ಎರಡು ಇದೆ ಡಾಕ್ಟ್ರೇ." ಜರ್ಮನಿಯಲ್ಲಿ ಮಗು ಮಲಗಿದೆ, ಊರಿಂದ ತಂದ ಥರ್ಮಾಮೀಟರ್ 102 ತೋರಿಸುತ್ತಿದೆ, ಅಲ್ಲಿನ ಡಾಕ್ಟರು ಫೋನಿನಲ್ಲಿ ಸೆಲ್ಸಿಯಸ್ ಕೇಳುತ್ತಾರೆ ಎಂದಿಟ್ಟುಕೊಳ್ಳಿ. ಮೂವತ್ತು ಕಳೆದು ಅರ್ಧ ಮಾಡಿದರೆ 36. ಮಗುವಿಗೆ ಏನೂ ಇಲ್ಲ! ನಿಜಕ್ಕೂ ಇರುವುದು 38.9.

ಆ ಕಡೆಯಿಂದಲೂ ಎಡವಟ್ಟು ಕಡಿಮೆಯಿಲ್ಲ. ಆರೋಗ್ಯವಂತನ 37 ಡಿಗ್ರಿಯನ್ನು ದುಪ್ಪಟ್ಟು ಮಾಡಿ ಮೂವತ್ತು ಕೂಡಿಸಿದರೆ 104, ಅಂದರೆ ಆಸ್ಪತ್ರೆಗೆ ಓಡುವಷ್ಟು ಜ್ವರ. ನಿಜ 98.6. ವ್ಯತ್ಯಾಸ 5.4 ಡಿಗ್ರಿ. ಹವಾಮಾನದಲ್ಲಿ ಇದು ನಗಣ್ಯ. ಮೈಬಿಸಿಯಲ್ಲಿ ಆರೋಗ್ಯಕ್ಕೂ ಸುಡುವ ಜ್ವರಕ್ಕೂ ನಡುವಿನ ದೂರವೇ ಅಷ್ಟು. ಅಳೆಯಬೇಕಾದ ಜಾಗವಿಡೀ ತಪ್ಪಿನೊಳಗೇ ಮುಳುಗಿಹೋಗುತ್ತದೆ.

ಬಾಯಿಲೆಕ್ಕ ಬಿಡಬೇಕೆಂದೇನಿಲ್ಲ, ಇನ್ನೊಂದು ಹೆಜ್ಜೆ ಸೇರಿಸಿದರಾಯಿತು. ದುಪ್ಪಟ್ಟು ಮಾಡಿದ ಮೇಲೆ ಬಂದದ್ದರಲ್ಲಿ ಹತ್ತನೇ ಒಂದು ಭಾಗ ಕಳೆದು, 32 ಕೂಡಿಸುವುದು. 38.5ರ ದುಪ್ಪಟ್ಟು 77, ಅದರಲ್ಲಿ 7.7 ಕಳೆದರೆ 69.3, 32 ಸೇರಿದರೆ 101.3. ಇದು ಅಂದಾಜಲ್ಲ, ಸೂತ್ರವೇ.

ಕೇಕ್ ಮಾಡುವವರಿಗೂ ಈ ಹೆಜ್ಜೆ ಬೇಕು. ಸೆಲ್ಸಿಯಸ್ ಪಾಕವಿಧಾನದ 180ಕ್ಕೆ ಹಳೆಯ ಉಪಾಯ 390 ಎನ್ನುತ್ತದೆ, ಬೇಕಾದದ್ದು 356. ಅಮೆರಿಕದ ಪಾಕವಿಧಾನಗಳಲ್ಲಿ ಒಲೆಯ ಶಾಖ ಸಾಮಾನ್ಯವಾಗಿ 325, 350, 375 ಹೀಗೆ 25ರ ಮೆಟ್ಟಿಲಲ್ಲಿ ಏರುವುದರಿಂದ ಒವನ್‌ ಅನ್ನು 350ಕ್ಕೆ ಇಟ್ಟರೆ ಸರಿ. 390ಕ್ಕೆ ಇಟ್ಟರೆ ನಡುಭಾಗ ಬೇಯುವ ಮೊದಲೇ ಮೇಲ್ಭಾಗ ಕಪ್ಪಾಗುತ್ತದೆ.